ಐದರ ಕ್ಯಾನು, ಮೂರರ ಕ್ಯಾನು, ನಾಲ್ಕು ಲೀಟರ್ ನೀರು

ನಮ್ಮ ತೋಟದ ಮೂಲೆಯಲ್ಲಿ ಕಾಳುಮೆಣಸಿನ ಸಸಿಗಳ ಸಣ್ಣ ನರ್ಸರಿ ಇದೆ. ಮಳೆ ಹಿಡಿಯುವ ಮೊದಲು ಅವಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುತ್ತೇನೆ. ಅಷ್ಟು ಸಸಿಗಳಿಗೆ 4 ಲೀಟರ್ ಸಾಕು. ಹೆಚ್ಚು ಮಾಡಿ ಇಟ್ಟುಕೊಳ್ಳುವ ಹಾಗಿಲ್ಲ, ಬೋರ್ಡೋ ಅಂದಂದೇ ಮುಗಿಯಬೇಕು. ಲೆಕ್ಕ ಸರಳ: 40 ಗ್ರಾಂ ಮೈಲುತುತ್ತ, 40 ಗ್ರಾಂ ಸುಣ್ಣ, 4 ಲೀಟರ್ ನೀರು. ಮೈಲುತುತ್ತ ಮತ್ತು ಸುಣ್ಣವನ್ನು ಪೇಟೆಯ ಅಂಗಡಿಯಲ್ಲೇ ತೂಗಿಸಿ ಪೊಟ್ಟಣ ಕಟ್ಟಿಸಿ ತರುತ್ತೇನೆ. ತೋಟದಲ್ಲಿ ಅಳೆಯಬೇಕಾದದ್ದು ನೀರು ಮಾತ್ರ. ಅಲ್ಲಿರುವುದು ಒಂದು ಡ್ರಮ್ಮು, ಒಂದು ಬಕೆಟ್ಟು, ಗೆರೆ ಗುರುತು ಯಾವುದೂ ಇಲ್ಲದ ಎರಡು ಪ್ಲಾಸ್ಟಿಕ್ ಕ್ಯಾನು. ದೊಡ್ಡದು 5 ಲೀಟರಿನದು, ಚಿಕ್ಕದು 3 ಲೀಟರಿನದು.

ಒಗಟಿನ ಉತ್ತರ ಹಲವರಿಗೆ ಗೊತ್ತಿರುತ್ತದೆ. ಐದನ್ನು ತುಂಬಿಸಿ ಮೂರಕ್ಕೆ ಸುರಿದರೆ ಐದರಲ್ಲಿ 2 ಉಳಿಯುತ್ತದೆ. ಮೂರನ್ನು ಖಾಲಿ ಮಾಡಿ ಆ 2 ಲೀಟರನ್ನು ಅದಕ್ಕೆ ಹಾಕಬೇಕು. ಐದನ್ನು ಮತ್ತೆ ತುಂಬಿಸಿ ಮೂರರ ಬಾಯಿಯವರೆಗೆ ಸುರಿದರೆ ಅದು 1 ಲೀಟರ್ ಮಾತ್ರ ತೆಗೆದುಕೊಳ್ಳುತ್ತದೆ. ಐದರಲ್ಲಿ ಉಳಿದದ್ದು 4.

ನಾನು ಬಳಸುವುದು ಇದನ್ನಲ್ಲ, ಇದರ ತಿರುಗುಮುರುಗನ್ನು. ಮೂರನ್ನು ತುಂಬಿಸಿ ಐದಕ್ಕೆ ಸುರಿಯುತ್ತೇನೆ. ಮೂರನ್ನು ಮತ್ತೆ ತುಂಬಿಸಿ ಸುರಿದಾಗ ಐದಕ್ಕೆ ಹಿಡಿಸುವುದು ಎರಡೇ ಲೀಟರ್, ಹಾಗಾಗಿ ಮೂರರಲ್ಲಿ 1 ಉಳಿಯುತ್ತದೆ. ಐದರ ನೀರನ್ನು ಡ್ರಮ್ಮಿಗೆ ವಾಪಸ್ಸು ಹಾಕಿ, ಆ ಒಂದು ಲೀಟರನ್ನು ಅದಕ್ಕೆ ಸುರಿದು, ಮೇಲಿಂದ ಮೂರು ತುಂಬಾ ನೀರು ಹಾಕಿದರೆ 4. ಹೆಜ್ಜೆ ಎರಡು ಜಾಸ್ತಿಯಾದರೂ ಈ ದಾರಿಯನ್ನೇ ಹಿಡಿಯಲು ಕಾರಣವಿದೆ.

ಕಾರಣ ಕ್ಯಾನಿನ ಮೇಲೆ ಬರೆದ ಲೀಟರು. ಐದು ಲೀಟರ್ ಎಂದು ಮಾರುವ ಕ್ಯಾನಿನಲ್ಲಿ ಸರಕು ಐದು ಲೀಟರ್ ಇರುತ್ತದೆ, ಮೇಲೆ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ನಾವು ತುಂಬಿಸುವುದು ಬಾಯಿಯವರೆಗೆ. ಅಂಗಡಿಯ ತಕ್ಕಡಿಯಲ್ಲಿ ಖಾಲಿ ಕ್ಯಾನು ತೂಗಿ, ಬಾಯಿಮಟ್ಟ ನೀರು ತುಂಬಿಸಿ ಮತ್ತೆ ತೂಗಿದಾಗ ನನ್ನ ದೊಡ್ಡ ಕ್ಯಾನಿಗೆ ಹಿಡಿಸಿದ್ದು 5 ಕಿಲೋ 200 ಗ್ರಾಂ, ಚಿಕ್ಕದಕ್ಕೆ 3 ಕಿಲೋ 100 ಗ್ರಾಂ. ಒಂದು ಲೀಟರ್ ನೀರು ಒಂದು ಕಿಲೋ. ನಮ್ಮ ಸೆಕೆಗಾಲದ ನೀರು ಲೀಟರಿಗೆ ನಾಲ್ಕೈದು ಗ್ರಾಂ ಹಗುರವಿರಬಹುದು, ಅದು ಲೆಕ್ಕಕ್ಕೆ ಬರುವಂಥದ್ದಲ್ಲ.

ಈಗ ಎರಡು ದಾರಿಗಳನ್ನೂ ಕೂಡಿಸಿ ಕಳೆದು ನೋಡಿ. ಮೊದಲ ದಾರಿಯಲ್ಲಿ ದೊಡ್ಡದನ್ನು ಎರಡು ಸಲ ತುಂಬಿಸಿ ಚಿಕ್ಕದರಷ್ಟನ್ನು ಎರಡು ಸಲ ತೆಗೆಯುತ್ತೇವೆ: 10.4ರಲ್ಲಿ 6.2 ಕಳೆದರೆ 4.2 ಲೀಟರ್. ಎರಡನೆಯದರಲ್ಲಿ ಚಿಕ್ಕದನ್ನು ಮೂರು ಸಲ ತುಂಬಿಸಿ ದೊಡ್ಡದರಷ್ಟನ್ನು ಒಂದು ಸಲ ತೆಗೆಯುತ್ತೇವೆ: 9.3ರಲ್ಲಿ 5.2 ಕಳೆದರೆ 4.1. ಕ್ಯಾನುಗಳು ಅವೇ, ತಪ್ಪು ಅರ್ಧಕ್ಕೆ ಇಳಿಯಿತು. ಒಂದು ಪಾತ್ರೆಯ ತಪ್ಪು ಅದನ್ನು ಎಷ್ಟು ಸಲ ಬಳಸುತ್ತೇವೋ ಅಷ್ಟು ಪಟ್ಟು ಉತ್ತರಕ್ಕೆ ಸೇರುತ್ತದೆ. ಆದ್ದರಿಂದ ಯಾವ ಕ್ಯಾನಿನ ಅಳತೆಯ ಮೇಲೆ ಅನುಮಾನ ಹೆಚ್ಚೋ ಅದನ್ನು ಕಡಿಮೆ ಸಲ ಬಳಸುವ ದಾರಿ ಒಳ್ಳೆಯದು. ನನ್ನ ಅನುಮಾನ ದೊಡ್ಡದರ ಮೇಲೆ. ಅದರ ಗೋಡೆ ತೆಳು, ಎತ್ತಿ ಹಿಡಿದರೆ ಉಬ್ಬುತ್ತದೆ. ಅದನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟೇ ತುಂಬಿಸಬೇಕು.

ಕ್ಯಾನನ್ನೇ ಸರಿಪಡಿಸಬಹುದೇ? ಮೇಲಿನ ಭಾಗ ಕತ್ತರಿಸಿ ಐದು ಲೀಟರಿಗೆ ಇಳಿಸುವ ಯೋಚನೆ ಮೊದಲು ಬರುತ್ತದೆ. ಅದು ಬೇಡ. ಕತ್ತರಿಸಿದ ಕ್ಯಾನಿನ ಬಾಯಿ 15 ಸೆಂಟಿಮೀಟರ್ ಚೌಕವಾದರೆ, ನೀರಿನ ಮಟ್ಟದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವೆಂದರೆ 22 ಮಿಲಿಲೀಟರಿಗೂ ಹೆಚ್ಚು. ಮೂರು ಸೆಂಟಿಮೀಟರ್ ಅಗಲದ ಕತ್ತಿನಲ್ಲಿ ಅದೇ ಒಂದು ಮಿಲಿಮೀಟರಿಗೆ ಒಂದು ಮಿಲಿಲೀಟರೂ ಇಲ್ಲ. ಕಿರಿದಾದ ಕತ್ತೇ ಈ ಕೆಲಸದ ಜೀವ. ಸುರಿಯುವಾಗ ಗುಳುಗುಳು ಎಂದು ಸತಾಯಿಸುತ್ತದೆ ನಿಜ, ಒಂದು ಆಲಿಕೆ ಇಟ್ಟುಕೊಂಡು ಸಹಿಸಿಕೊಳ್ಳಬೇಕು.

ಹಾಗಾಗಿ ನಾನು ಕತ್ತು ಉಳಿಸಿಕೊಂಡು ಹೊಟ್ಟೆ ತುಂಬಿಸಿದೆ. ತೆಳುವಾಗಿ ಕಲಸಿದ ಸಿಮೆಂಟನ್ನು ಆಲಿಕೆಯಿಂದ ತಳಕ್ಕೆ ಇಳಿಸಿ, ಗಟ್ಟಿಯಾದ ಮೇಲೆ ಮತ್ತೆ ತೂಗಿದೆ. ಬೇಕಾದದ್ದಕ್ಕಿಂತ ಸ್ವಲ್ಪ ಕಡಿಮೆಯೇ ಹಾಕಿ, ಆಮೇಲೆ ಇನ್ನಷ್ಟು ಸೇರಿಸುವುದು ಜಾಣತನ, ಏಕೆಂದರೆ ಗಟ್ಟಿಯಾದದ್ದನ್ನು ತೆಗೆಯಲಾಗದು. ಸಿಮೆಂಟು ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ, ಒಳಗೆ ಬಿಲ್ಲೆಯಾಗಿ ಅಲುಗಾಡುತ್ತದೆ. ಆದರೆ ಕತ್ತಿನಿಂದ ಹೊರಗೆ ಬರಲಾರದು, ಅಷ್ಟು ಸಾಕು. ಈ ಕ್ಯಾನುಗಳು ನೀರಿಗೆ ಮಾತ್ರ, ಮೈಲುತುತ್ತವನ್ನು ಇವಕ್ಕೆ ಮುಟ್ಟಿಸುವುದಿಲ್ಲ.

ತಕ್ಕಡಿ ಇಲ್ಲದಿದ್ದಾಗಲೂ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮೂರರಿಂದ ಐದಕ್ಕೆ ಸುರಿಯುತ್ತಾ ಹೋಗುವುದು, ಐದು ತುಂಬಿದಾಗಲೆಲ್ಲ ಅದನ್ನು ಖಾಲಿ ಮಾಡಿ ಮೂರರಲ್ಲಿ ಉಳಿದದ್ದನ್ನು ಅದಕ್ಕೆ ಹಾಕುವುದು. ಐದನೆಯ ಸಲ ತುಂಬಿಸಿದ ಚಿಕ್ಕ ಕ್ಯಾನು ಪೂರ್ತಿ ಬರಿದಾಗುವ ಹೊತ್ತಿಗೆ ದೊಡ್ಡದು ಮೂರನೆಯ ಸಲ ಸರಿಯಾಗಿ ಬಾಯಿಮಟ್ಟ ತುಂಬಬೇಕು. ಎರಡೂ ಕಡೆ 15 ಲೀಟರ್. ಕೊನೆಯಲ್ಲಿ ನೀರು ಮಿಕ್ಕರೆ ಅಥವಾ ಸಾಲದೆ ಬಂದರೆ ಪಾತ್ರೆಗಳು ಐದಕ್ಕೆ ಮೂರರಂತೆ ಇಲ್ಲ ಎಂದರ್ಥ. ಪ್ರತಿ ಸಲದ ಸಣ್ಣ ವ್ಯತ್ಯಾಸ ಕೊನೆಯಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುವುದರಿಂದ ಪರೀಕ್ಷೆ ಸೂಕ್ಷ್ಮವಾದದ್ದು. ಆದರೆ ಇದು ಹೇಳುವುದು ಪಾತ್ರೆಗಳ ಅನುಪಾತವನ್ನು ಮಾತ್ರ, ಲೀಟರನ್ನಲ್ಲ. ಸಿಮೆಂಟು ಹಾಕುವ ಮೊದಲು ನನ್ನ ಕ್ಯಾನುಗಳಲ್ಲಿ ಕೊನೆಗೆ ಸಾಲದೆ ಬರುತ್ತಿದ್ದದ್ದು ಬರೀ 100 ಮಿಲಿಲೀಟರ್. ಎರಡೂ ಕ್ಯಾನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ದೊಡ್ಡದಾಗಿದ್ದವು. ಅದನ್ನು ಹಿಡಿದುಕೊಟ್ಟದ್ದು ತಕ್ಕಡಿಯೇ.

ಅಕ್ಕನ ಮಗ ಒಮ್ಮೆ ಬಂದವನು, "ಮಾವ, ನಮ್ಮ ಮನೆಯಲ್ಲಿ 6 ಮತ್ತು 4 ಲೀಟರಿನ ಕ್ಯಾನುಗಳಿವೆ, ಅದರಲ್ಲಿ 3 ಲೀಟರ್ ತೆಗೆಯುವುದು ಹೇಗೆ?" ಎಂದು ಕೇಳಿದ. ಸುರಿದು ಸುರಿದು ತೆಗೆಯಲು ಆಗುವುದೇ ಇಲ್ಲ. ಆರು ನಾಲ್ಕನ್ನು ಎಷ್ಟು ಸಲ ಕೂಡಿ ಕಳೆದರೂ ಸಮಸಂಖ್ಯೆಯೇ ಬರುತ್ತದೆ. ಎರಡು ಪಾತ್ರೆಗಳ ಮ.ಸಾ.ಅ. ಎಷ್ಟೋ ಅದರ ಗುಣಕಗಳು ಮಾತ್ರ ಸಿಗುತ್ತವೆ. ಐದು ಮೂರಕ್ಕೆ ಅದು 1 ಆಗಿರುವುದರಿಂದ 1ರಿಂದ 8ರವರೆಗೆ ಎಲ್ಲವೂ ಸಿಗುತ್ತದೆ. ಕ್ಯಾನು ಕೊಳ್ಳುವಾಗ ನೋಡಬೇಕಾದದ್ದು ಇದನ್ನೇ ಎಂದೆ.

ಇನ್ನು ಮಿಶ್ರಣ. ನಾಲ್ಕು ಲೀಟರಿನಲ್ಲಿ ಸುಮಾರು ಅರ್ಧವನ್ನು ಬಕೆಟ್ಟಿಗೆ ಹಾಕಿ ಸುಣ್ಣ ಕದಡುತ್ತೇನೆ, ಉಳಿದರ್ಧವನ್ನು ಇನ್ನೊಂದು ಪ್ಲಾಸ್ಟಿಕ್ ಪಾತ್ರೆಗೆ ಹಾಕಿ ಮೈಲುತುತ್ತ ಕರಗಿಸುತ್ತೇನೆ. ಈ ಅರ್ಧಕ್ಕೆ ಕಣ್ಣಂದಾಜು ಸಾಕು, ಮೊತ್ತ ನಾಲ್ಕಾದರೆ ಆಯಿತು. ಸುಣ್ಣದ ನೀರನ್ನು ಕೋಲಿನಿಂದ ತಿರುವುತ್ತಾ ಮೈಲುತುತ್ತದ ನೀರನ್ನು ಅದಕ್ಕೆ ಸುರಿಯಬೇಕು, ಅದಲುಬದಲು ಮಾಡಬಾರದು. ಆಮೇಲೆ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡುತ್ತೇನೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ನೀರಿನ ಅಳತೆ ತಪ್ಪಿದ್ದನ್ನು ಮಾತ್ರ ಚಾಕು ಹೇಳುವುದಿಲ್ಲ. ಮೈಲುತುತ್ತ ಮತ್ತು ಸುಣ್ಣ ಸರಿಯಾಗಿದ್ದರೆ ತೆಳುವಾದ ದ್ರಾವಣದಲ್ಲೂ ಅಲಗು ಬೆಳ್ಳಗೇ ಇರುತ್ತದೆ.

ಬೆನ್ನಿಗೆ ಹಾಕುವ 16 ಲೀಟರಿನ ಸ್ಪ್ರೇಯರಿಗೆ ಈ ಕಸರತ್ತು ಯಾವುದೂ ಬೇಕಿಲ್ಲ. ಐದು ಎರಡು ಸಲ, ಮೂರು ಎರಡು ಸಲ, ಮುಗಿಯಿತು.