ಮುಂಜಾನೆ ಸರಿ, ಮಧ್ಯಾಹ್ನ ಬಂದ್: 7805 ತೆಗೆದು ಬಕ್ ಹಾಕಿದ ಕಥೆ

ವಿಜಯಪುರದಲ್ಲಿ ನನ್ನದು ಸಣ್ಣ ಎಲೆಕ್ಟ್ರಾನಿಕ್ಸ್ ಕೆಲಸ. ಹೊಲದ ಮೋಟಾರನ್ನು ಫೋನಿನಿಂದ ಚಾಲೂ, ಬಂದ್ ಮಾಡುವ ಬೋರ್ಡ್‌ಗಳನ್ನು ಮಾಡಿಕೊಡುತ್ತೇನೆ. ಎರಡು ವರ್ಷದ ಹಿಂದೆ ತಿಕೋಟಾ ಕಡೆ ಒಂದು ದ್ರಾಕ್ಷಿ ತೋಟಕ್ಕೆ ಅಂಥದ್ದೊಂದು ಕೂರಿಸಿದ್ದೆ. 12 ವೋಲ್ಟ್ ಬ್ಯಾಟರಿ, ಅದಕ್ಕೊಂದು ಸೋಲಾರ್ ಪ್ಯಾನೆಲ್. ಒಳಗೆ ವೈಫೈ ಇರುವ ಇಎಸ್‌ಪಿ32 ಕಂಟ್ರೋಲರ್ ಮತ್ತು 5 ವೋಲ್ಟಿನ ಎರಡು ರಿಲೇ. ಒಂದು ರಿಲೇ ಮೋಟಾರಿನ ಕಾಂಟ್ಯಾಕ್ಟರ್‌ಗೆ, ಇನ್ನೊಂದು ವಾಲ್ವ್‌ಗೆ. 12ನ್ನು 5 ಮಾಡಲು ಒಂದು 7805 ಹಾಕಿದ್ದೆ. ಅಗ್ಗ, ಮೂರೇ ಕಾಲು, ಎರಡು ಕೆಪಾಸಿಟರ್ ಹಾಕಿದರೆ ಮುಗೀತು. ಮೇಜಿನ ಮೇಲೆ ಎರಡು ದಿನ ಓಡಿಸಿ ನೋಡಿದ್ದೆ, ಏನೂ ತಕರಾರು ಇರಲಿಲ್ಲ.

ಏಪ್ರಿಲ್‌ನಲ್ಲಿ ತೋಟದ ಕಾಕಾ ಫೋನ್ ಮಾಡಿದರು. "ತಮ್ಮಾ, ಮುಂಜಾನಿ ಛಲೋ ನಡೀತೈತಿ. ಮಧ್ಯಾಹ್ನ ಮೋಟಾರ್ ಚಾಲೂ ಮಾಡಿದ್ರ ನಾಕೈದು ನಿಮಿಷಕ್ಕ ತಾನ ಬಂದ್ ಆಗ್ತೈತಿ ನೋಡು."

ನಾನು ಮೊದಲು ಪ್ರೋಗ್ರಾಂ ಮೇಲೆ ಅನುಮಾನ ಪಟ್ಟೆ. ಒಂದು ದಿನ ಪೂರ್ತಿ ಅದರಲ್ಲೇ ಹೋಯ್ತು. ಆಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ಮಧ್ಯಾಹ್ನ ಎರಡಕ್ಕೆ ತೋಟಕ್ಕೇ ಹೋದೆ. ಮೋಟಾರ್ ಚಾಲೂ ಮಾಡಿಸಿ ಕಾದೆ. ಐದನೇ ನಿಮಿಷಕ್ಕೆ ರಿಲೇ ಟಕ್ ಅಂತ ಬಿಟ್ಟಿತು. ಸ್ಕ್ರೀನಿನ ಮೇಲೆ ಈ ಸಾಲು ಬಂತು:

```
Brownout detector was triggered
```

ಅಂದರೆ ಇಎಸ್‌ಪಿ32ಗೆ ವೋಲ್ಟೇಜ್ ಸಾಲಲಿಲ್ಲ. ಆದರೆ ಎಲ್ಲಿ ಸಾಲಲಿಲ್ಲ? ಇಲ್ಲಿ ಎರಡು ಮೀಟರ್ ಇದ್ದರೆ ಒಳ್ಳೇದು. ಒಂದನ್ನು 7805ರ ಇನ್‌ಪುಟ್‌ಗೆ ಹಚ್ಚಿದೆ, ಇನ್ನೊಂದನ್ನು ಔಟ್‌ಪುಟ್‌ಗೆ. ಇನ್‌ಪುಟ್ 13.8 ವೋಲ್ಟ್, ಅಲುಗಾಡಲಿಲ್ಲ. ಔಟ್‌ಪುಟ್ ಮಾತ್ರ 5ರಿಂದ ಕುಸಿಯಿತು. ಎರಡೂ ಒಟ್ಟಿಗೆ ಇಳಿದಿದ್ದರೆ ಬ್ಯಾಟರಿ ಅಥವಾ ವೈರಿನ ತಪ್ಪು ಅನ್ನಬಹುದಿತ್ತು. ಬರೀ ಔಟ್‌ಪುಟ್ ಇಳಿದರೆ ತಪ್ಪು ನಡುವೆ ಕೂತವನದೇ. 7805ಗೆ ಬೆರಳು ತಾಗಿಸಿದೆ, ಸುಟ್ಟುಕೊಂಡೆ. ನೀವು ಹಾಗೆ ಮಾಡಬೇಡಿ.

7805 ಕೆಟ್ಟಿರಲಿಲ್ಲ, ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿತ್ತು. ಒಳಗಿನ ಚಿಪ್ 150 ಡಿಗ್ರಿ ಆಸುಪಾಸು ಮುಟ್ಟಿದರೆ ಅದು ಔಟ್‌ಪುಟ್ ಬಂದ್ ಮಾಡುತ್ತದೆ. ತಣ್ಣಗಾದ ಮೇಲೆ ಮತ್ತೆ ಶುರು.

ಲೆಕ್ಕವನ್ನು ಮೊದಲೇ ಮಾಡಬೇಕಿತ್ತು, ಸೋಮಾರಿತನಕ್ಕೆ ಮಾಡಿರಲಿಲ್ಲ. 7805ನಂಥ ಲೀನಿಯರ್ ರೆಗ್ಯುಲೇಟರ್ ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಸುಟ್ಟುಬಿಡುತ್ತದೆ, ಅಷ್ಟೇ ಅದರ ಕೆಲಸ. ನನ್ನ ಬೋರ್ಡಿನಲ್ಲಿ ಇಎಸ್‌ಪಿ32 ಸರಾಸರಿ 100 ಮಿಲಿಆಂಪ್ ಎಳೆಯುತ್ತಿತ್ತು. ಒಂದೊಂದು ರಿಲೇಗೆ 70. ಎರಡೂ ಹಿಡಿದಾಗ ಒಟ್ಟು 240. ವೈಫೈ ಕಳಿಸುವಾಗ ಕ್ಷಣಮಾತ್ರ ಜಾಸ್ತಿ ಎಳೆಯುತ್ತದೆ ನಿಜ. ಅದನ್ನು ಕೆಪಾಸಿಟರ್ ನೋಡಿಕೊಳ್ಳುತ್ತದೆ, ಬಿಸಿಯ ಲೆಕ್ಕಕ್ಕೆ ಸರಾಸರಿ ಸಾಕು.

```
ಮೇಜು:  (12 - 5) x 0.24 = 1.7 W
ತೋಟ:  (13.8 - 5) x 0.24 = 2.1 W
```

12 ವೋಲ್ಟ್ ಬ್ಯಾಟರಿ ಅನ್ನುವುದು ಹೆಸರಿಗಷ್ಟೇ, ಚಾರ್ಜ್ ಆಗುವಾಗ 14ರ ಹತ್ತಿರ ಹೋಗುತ್ತದೆ. ಹೀಟ್‌ಸಿಂಕ್ ಇಲ್ಲದ 7805 ಪ್ರತಿ ವ್ಯಾಟ್‌ಗೆ ಸುಮಾರು 65 ಡಿಗ್ರಿ ಏರುತ್ತದೆ. ಮೇಜಿನ ಮೇಲೆ 109 ಡಿಗ್ರಿ ಏರಿಕೆ, ಕೋಣೆಯ 28 ಸೇರಿಸಿದರೆ 137. ಸ್ವಲ್ಪದರಲ್ಲಿ ಪಾರು. ತೋಟದಲ್ಲಿ 137 ಏರಿಕೆ. ಬಿಸಿಲಿಗೆ ಕಾದ ತಗಡಿನ ಡಬ್ಬಿಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದೆ, ಗಾಳಿಯೇ 55 ಇತ್ತು. ಒಟ್ಟು 192, ಅಲ್ಲಿಗೆ ಮುಟ್ಟುವ ಮುಂಚೆಯೇ ಚಿಪ್ ಕೈಬಿಡುತ್ತದೆ. ರಿಲೇ ಹಿಡಿಯದಿದ್ದಾಗ ಬರೀ 100 ಮಿಲಿಆಂಪ್, ಆಗ 112 ಡಿಗ್ರಿ. ಹಾಗಾಗಿ ಸುಮ್ನೆ ಇದ್ದಾಗ ಬೋರ್ಡ್ ಆರಾಮಾಗಿರುತ್ತಿತ್ತು. ಮೋಟಾರ್ ಹಚ್ಚಿದಾಗಲೇ ಯಾಕೆ ಕೈಕೊಡುತ್ತಿತ್ತು ಅನ್ನುವುದು ಈಗ ಗೊತ್ತಾಯ್ತು.

ಹೀಟ್‌ಸಿಂಕ್ ಹಾಕಿದರೆ? ಸಾಧಾರಣ ಅಲ್ಯೂಮಿನಿಯಂ ಸಿಂಕ್ ಹಾಕಿದರೆ ವ್ಯಾಟ್‌ಗೆ 65ರ ಬದಲು ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಲೆಕ್ಕದಲ್ಲಿ ಚಿಪ್ 100 ಡಿಗ್ರಿ, ಪಾಸ್. ಹಾಕಿಯೂ ನೋಡಿದೆ, ಮೋಟಾರ್ ನಿಲ್ಲಲಿಲ್ಲ. ಆದರೂ ನನಗೆ ಸಮಾಧಾನ ಆಗಲಿಲ್ಲ. ಸಿಂಕ್ ಬಿಸಿಯನ್ನು ಚಿಪ್‌ನಿಂದ ಡಬ್ಬಿಯ ಗಾಳಿಗೆ ದಾಟಿಸುತ್ತದೆ, ಆ 2.1 ವ್ಯಾಟ್ ಹುಟ್ಟುವುದಂತೂ ನಿಲ್ಲುವುದಿಲ್ಲ. ಧೂಳು ಹೋಗಬಾರದು ಅಂತ ಡಬ್ಬಿಯ ಬಾಯಿ ಪೂರಾ ಮುಚ್ಚಿದೆ. ಒಂದು ತಾಸು ಓಡಿದರೆ ಒಳಗಿನ ಗಾಳಿ ಇನ್ನೂ ಕಾಯುತ್ತದೆ, ಪಕ್ಕದ ಕೆಪಾಸಿಟರ್‌ಗಳೂ ಅದರ ಜೊತೆ ಬೇಯುತ್ತವೆ. ಮೇಲಿಂದ, ಬ್ಯಾಟರಿಯಿಂದ ಹೋಗುತ್ತಿದ್ದ 240 ಮಿಲಿಆಂಪ್ ಹಾಗೇ ಉಳಿಯಿತು. ಲೀನಿಯರ್‌ನಲ್ಲಿ ಹೊರಗೆ ಎಷ್ಟು ಆಂಪ್ ಕೊಟ್ಟರೆ ಒಳಗೂ ಅಷ್ಟೇ ಎಳೆಯಲೇಬೇಕು.

ಅದಕ್ಕೆ ಬಕ್ ಕನ್ವರ್ಟರ್ ಹಾಕಿದೆ. ಎಲ್ಲ ಅಂಗಡಿಯಲ್ಲೂ ಸಿಗುವ ಎಲ್‌ಎಂ2596 ಮಾಡ್ಯೂಲ್. ಅದು ಉಳಿದ ವೋಲ್ಟೇಜನ್ನು ಸುಡುವುದಿಲ್ಲ, ವೇಗವಾಗಿ ಆನ್ ಆಫ್ ಮಾಡುತ್ತ ಕಾಯಿಲ್ ಮೂಲಕ ಇಳಿಸುತ್ತದೆ. 12ರಿಂದ 5ಕ್ಕೆ ಅದರ ದಕ್ಷತೆ ಸುಮಾರು ನೂರಕ್ಕೆ 80. ನನ್ನ ಬೋರ್ಡಿಗೆ ಬೇಕಾದದ್ದು 1.2 ವ್ಯಾಟ್, ಅದು ಎಳೆಯುವುದು 1.5, ಬಿಸಿಯಾಗಿ ಹೋಗುವುದು 0.3. ಬ್ಯಾಟರಿಯಿಂದ ಬರೀ 110 ಮಿಲಿಆಂಪ್. ಮಳೆಗಾಲದಲ್ಲಿ ಮೂರು ದಿನ ಮೋಡ ಕವಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಬಕ್‌ನಲ್ಲೂ ಒಂದು ಪೆಟ್ಟು ತಿಂದೆ. ಮಾಡ್ಯೂಲ್ ಅಂಗಡಿಯಿಂದ ಬಂದಾಗ ಅದರ ಔಟ್‌ಪುಟ್ ಎಷ್ಟಕ್ಕೆ ಬೇಕಾದರೂ ಇರಬಹುದು. ನಾನು ನೋಡದೆ ಜೋಡಿಸಿದೆ, 11 ವೋಲ್ಟ್ ಬಂದು ಒಂದು ಇಎಸ್‌ಪಿ32 ಹೊಗೆಯಾಯ್ತು. ಈಗ ಲೋಡ್ ಜೋಡಿಸುವ ಮುಂಚೆ ಮೀಟರ್ ಹಚ್ಚಿ ಸಣ್ಣ ಸ್ಕ್ರೂ ತಿರುಗಿಸುತ್ತೇನೆ. ಮೊದಲ ಎಷ್ಟೋ ಸುತ್ತು ಏನೂ ಬದಲಾಗುವುದಿಲ್ಲ, ಆಮೇಲೆ ಒಮ್ಮೆಲೇ ಇಳಿಯಲು ಶುರುವಾಗುತ್ತದೆ. 5ಕ್ಕೆ ನಿಲ್ಲಿಸಿ, ಲೋಡ್ ಹಾಕಿ ಮತ್ತೊಮ್ಮೆ ನೋಡಿ, ಸ್ಕ್ರೂ ಮೇಲೆ ಒಂದು ಹನಿ ನೇಲ್ ಪಾಲಿಶ್. ನನ್ನ ಹೆಂಡತಿಯ ಬಾಟಲಿ ಈಗ ನನ್ನ ಮೇಜಿನಲ್ಲೇ ಇರುತ್ತದೆ.

ತೋಟಕ್ಕೆ ಒಯ್ಯುವ ಮುಂಚೆ ಈ ಸಲ ಬೋರ್ಡನ್ನು ಮೇಜಿನಲ್ಲೇ ಬೇಯಿಸಿದೆ. ರಟ್ಟಿನ ಡಬ್ಬಿ, ಒಳಗೆ 40 ವ್ಯಾಟಿನ ಹಳೇ ಬಲ್ಬ್, ಒಂದು ಥರ್ಮಾಮೀಟರ್. ಗಾಳಿ 55 ಮುಟ್ಟಿದ ಮೇಲೆ ಎರಡೂ ರಿಲೇ ಹಿಡಿಸಿ ಎರಡು ತಾಸು ಬಿಟ್ಟೆ. ಪಕ್ಕದಲ್ಲೇ ಕೂತಿದ್ದೆ, ಬಲ್ಬ್ ರಟ್ಟಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ರಿಲೇ ಒಮ್ಮೆಯೂ ಬಿಡಲಿಲ್ಲ.

ಟ್ಯಾಂಕಿನ ನೀರಿನ ಮಟ್ಟ ನೋಡುವ ಸೆನ್ಸರ್ ಮಾತ್ರ ಕುಣಿಯಲು ಶುರು ಮಾಡಿತು. 7805 ಇದ್ದಾಗ ರೀಡಿಂಗ್ ಸ್ಥಿರವಾಗಿತ್ತು. ಬಕ್‌ನ ಆನ್ ಆಫ್ ಆಟದ ಅಲೆ 5 ವೋಲ್ಟಿನ ಮೇಲೆ ಉಳಿದಿರುತ್ತದೆ, ಸೆನ್ಸರ್‌ಗೆ ಅದೇ ಹೋಗುತ್ತಿತ್ತು. ಆ ಸೆನ್ಸರ್ ಎಳೆಯುವುದು ಬರೀ 10 ಮಿಲಿಆಂಪ್. ಅದಕ್ಕೆ ಬೇರೆಯಾಗಿ ಒಂದು ಪುಟ್ಟ 78ಎಲ್05 ಹಾಕಿ, ನೇರ ಬ್ಯಾಟರಿಯಿಂದ ಕೊಟ್ಟೆ. 8.8 ಗುಣಿಸು 0.01, ಅಂದರೆ 0.09 ವ್ಯಾಟ್. ಬೆರಳು ಸುಡುವಷ್ಟು ಬಿಸಿ ಆಗುವುದೇ ಇಲ್ಲ. ರೀಡಿಂಗ್ ಕುಣಿಯುವುದು ನಿಂತಿತು. ಮುಚ್ಚಿದ ಡಬ್ಬಿಯಲ್ಲಿ ಅರ್ಧ ವ್ಯಾಟ್‌ವರೆಗೆ ನಾನು ಇವತ್ತಿಗೂ ಲೀನಿಯರ್ ಹಾಕುತ್ತೇನೆ. ಅದು ದಾಟಿದರೆ ಬಕ್.

ಆಮೇಲೆ ಮಾಡಿದ ಬೋರ್ಡ್‌ಗಳಲ್ಲಿ 12 ವೋಲ್ಟಿನ ರಿಲೇ ಹಾಕಿ ಅವಕ್ಕೆ ನೇರ ಬ್ಯಾಟರಿಯಿಂದಲೇ ಕೊಡುತ್ತಿದ್ದೇನೆ. 30 ಮಿಲಿಆಂಪ್ ಸಾಕು, ಅದು ರೆಗ್ಯುಲೇಟರ್ ಮೂಲಕ ಹಾಯುವುದೇ ಇಲ್ಲ. ಕಾಕಾನ ಡಬ್ಬಿಯಲ್ಲಿ ಇನ್ನೂ ಹಳೇ ರಿಲೇಗಳೇ ಇವೆ. ಹೋದ ಮೇ ತಿಂಗಳಲ್ಲಿ ಆ ಕಡೆ ಹೋದಾಗ ಕೇಳಿದೆ, "ಹೆಂಗ ನಡದೈತ್ರೀ ಕಾಕಾ?" "ಡಬ್ಬಿ ಮುಚ್ಚಳಾ ತಗದ ನೋಡಿಲ್ಲ" ಅಂದರು.