ಇಆರ್‌ಪಿ ಬಂದ ಮೇಲೆ ದಾಸ್ತಾನು ಇಳಿಯಿತೇ? ರೂಪಾಯಿ ನೋಡಬೇಡಿ, ದಿನ ನೋಡಿ

ನಮ್ಮ ಬಿಡಿಭಾಗಗಳ ಕಾರ್ಖಾನೆಯಲ್ಲಿ ದಾಸ್ತಾನು, ಬಿಲ್ಲು, ಲೆಕ್ಕಪತ್ರ ಎಲ್ಲವನ್ನೂ ಒಂದೆಡೆ ನೋಡಿಕೊಳ್ಳುವ ಇಆರ್‌ಪಿ ತಂತ್ರಾಂಶ ಬಳಕೆಗೆ ಬಂದು ಆರು ತಿಂಗಳಾದಾಗ ಮಾಲೀಕರು ಮುಖ ಗಂಟಿಕ್ಕಿಕೊಂಡಿದ್ದರು. ದಾಸ್ತಾನು ಶೇ. 20ರಷ್ಟು ಇಳಿಯುತ್ತದೆ ಎಂದು ಹೇಳಿದ್ದೆವು; 90 ಲಕ್ಷ ಇದ್ದದ್ದು 88 ಲಕ್ಷಕ್ಕೆ ಬಂದಿತ್ತು, ಅಷ್ಟೇ.

ಆದರೆ ಆ ಅವಧಿಯಲ್ಲಿ ಮಾಲಿನ ಬಳಕೆ ತಿಂಗಳಿಗೆ 45 ಲಕ್ಷದಿಂದ 55 ಲಕ್ಷಕ್ಕೆ ಏರಿತ್ತು. ದಾಸ್ತಾನನ್ನು ತಿಂಗಳ ಬಳಕೆಯಿಂದ ಭಾಗಿಸಿ 30ರಿಂದ ಗುಣಿಸಿ ನೋಡಿದೆ: ಮೊದಲು 60 ದಿನಕ್ಕಾಗುವಷ್ಟು ಮಾಲು, ಈಗ 48 ದಿನಕ್ಕೆ. ಹಳೆಯ 60 ದಿನದ ಲೆಕ್ಕದಲ್ಲಿ ಈಗಿನ ಬಳಕೆಗೆ 110 ಲಕ್ಷದ ದಾಸ್ತಾನು ಬೇಕಾಗುತ್ತಿತ್ತು. ಅಂದರೆ 22 ಲಕ್ಷ ಗೋದಾಮಿನಲ್ಲಿ ಸಿಕ್ಕಿಬೀಳುವುದು ತಪ್ಪಿತು. ಇಷ್ಟನ್ನೂ ಲಾಭವೆಂದು ಬರೆದುಬಿಡಬೇಡಿ, ನಾನೂ ಮೊದಲು ಹಾಗೆಯೇ ಬರೆದಿದ್ದೆ. ಉಳಿತಾಯವೆಂದರೆ ಆ ಹಣದ ಬಡ್ಡಿ ಮಾತ್ರ: ಶೇ. 10ರಂತೆ ವರ್ಷಕ್ಕೆ 2.2 ಲಕ್ಷ.

ತಿಂಗಳ ಲೆಕ್ಕ ಮುಗಿಸುವ ಅವಧಿ 12 ದಿನದಿಂದ 7ಕ್ಕೆ ಇಳಿದದ್ದು ನಿಜ. ಆದರೂ ಮುಚ್ಚಿದ ತಿಂಗಳನ್ನು ಮತ್ತೆ ತೆರೆದು ಎಷ್ಟು ತಿದ್ದುಪಡಿ ಹಾಕಿದ್ದಾರೆಂದು ನೋಡಿ. ಅದು ಹೆಚ್ಚಿದ್ದರೆ ಕೆಲಸ ಮುಂದಕ್ಕೆ ಹೋಗಿದೆಯೇ ಹೊರತು ಕಡಿಮೆಯಾಗಿಲ್ಲ.

ತಪ್ಪುಗಳ ಎಣಿಕೆ ಮೊದಲ ಎರಡು ಮೂರು ತಿಂಗಳು ಏರಬಹುದು, ಏಕೆಂದರೆ ಹಿಂದೆ ಕಣ್ಣಿಗೆ ಬೀಳದಿದ್ದ ತಪ್ಪುಗಳನ್ನು ವ್ಯವಸ್ಥೆ ಈಗ ತಡೆಯುತ್ತದೆ. ಹಾಗಾಗಿ ಪರದೆಯ ಮೇಲಿನ ಎಚ್ಚರಿಕೆಗಳನ್ನು ಬಿಟ್ಟು, ಗ್ರಾಹಕರಿಗೆ ತಪ್ಪು ಬಿಲ್ ಹೋಗಿ ನೀಡಬೇಕಾದ ಕ್ರೆಡಿಟ್ ನೋಟುಗಳನ್ನು ಸಾವಿರ ಬಿಲ್ಲಿಗೆ ಎಷ್ಟೆಂದು ಎಣಿಸಿ. ಹಳೆಯ ವರ್ಷದ ಅಂಕಿಯನ್ನು ಟ್ಯಾಲಿಯಿಂದ ಈಗಲೇ ತೆಗೆದಿಟ್ಟುಕೊಳ್ಳಿ; ಟ್ಯಾಲಿ ಇರುವ ಹಳೆಯ ಗಣಕಯಂತ್ರ ಗುಜರಿಗೆ ಹೋದ ಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ.