05/03 ಅಂದರೆ ಯಾವ ದಿನ? ಹೊರದೇಶದ ಕಾಫಿ ಬಯರ್‌ಗೆ ಮೆಸೇಜ್ ಬರೆಯುವ ಮುನ್ನ

ವಿರಾಜಪೇಟೆ ಕಡೆಯ ಒಬ್ಬ ಬೆಳೆಗಾರರು ನ್ಯೂಯಾರ್ಕ್‌ನ ಬಯರ್‌ಗೆ ಹೀಗೊಂದು ಮೆಸೇಜ್ ಕಳಿಸುತ್ತಾರೆ ಅಂದುಕೊಳ್ಳಿ: "05/03ಕ್ಕೆ 7 ಗಂಟೆಗೆ ಕಾಲ್ ಮಾಡೋಣ, 30 ಬ್ಯಾಗ್ ಇದೆ, ಒಟ್ಟು 9,00,000 ರೂ." ನಮಗೆ ಇದರಲ್ಲಿ ಗೊಂದಲವೇ ಕಾಣಲ್ಲ. ಆದರೆ ಓದುವವರಿಗೆ ನಾಲ್ಕು ಕಡೆ ಎಡವಲು ಜಾಗ ಇದೆ. ಒಂದೊಂದಾಗಿ ಸರಿ ಮಾಡೋಣ.

ಮೊದಲು ತಾರೀಖು. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಹಾಗಾಗಿ ನಮ್ಮ ಮಾರ್ಚ್ 5 ಅವರಿಗೆ ಮೇ 3. ದಿನ 12 ದಾಟಿದ್ದರೆ ಯಾರೂ ತಪ್ಪು ಓದಲ್ಲ, ಯಾಕೆಂದರೆ 13ನೇ ತಿಂಗಳು ಅಂತ ಇಲ್ಲ. 12ರ ಒಳಗೇ ಅಪಾಯ, ಅದೂ ಸದ್ದಿಲ್ಲದ ಅಪಾಯ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ಇಸವಿ ಪೂರ್ತಿ ಹಾಕಿ, ಜೊತೆಗೆ ವಾರವನ್ನೂ ಸೇರಿಸಿ. ವಾರ ಸುಮ್ನೆ ಅಲಂಕಾರಕ್ಕಲ್ಲ: 2026ರ ಮಾರ್ಚ್ 5 ಗುರುವಾರ, ಮೇ 3 ಭಾನುವಾರ. ತಾರೀಖು ಟೈಪ್ ಮಾಡುವಾಗ ಬೆರಳು ತಪ್ಪಿದರೂ ವಾರ ತಾಳೆಯಾಗದೆ ಸಿಕ್ಕಿಬೀಳುತ್ತದೆ.

ಆಮೇಲೆ ಸಮಯ. 7 ಅಂದರೆ ಬೆಳಿಗ್ಗೆಯೋ ಸಂಜೆಯೋ, ಯಾರ ಊರಿನದೋ? 24 ಗಂಟೆ ಲೆಕ್ಕದಲ್ಲಿ 19:00 ಅಂತ ಬರೆದರೆ ಮೊದಲ ಪ್ರಶ್ನೆ ಮುಗಿಯಿತು. ಎರಡನೆಯದಕ್ಕೆ `IST` ಅಂತ ಹಾಕಿದರೆ ಸಾಲದು, ಐರ್ಲೆಂಡ್ ಮತ್ತು ಇಸ್ರೇಲ್‌ನವರೂ ಅದೇ ಮೂರಕ್ಷರ ಬಳಸುತ್ತಾರೆ. `UTC+05:30` ಅಂತಲೇ ಬರೆಯಿರಿ, ಪಕ್ಕದಲ್ಲಿ ಅವರ ಊರಿನ ಸಮಯವನ್ನೂ ಕೊಡಿ. ಮಾರ್ಚ್ 5ಕ್ಕೆ ನಮ್ಮ 19:00 ಅಂದರೆ ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 08:30. ಆದರೆ ಅದೇ ಕಾಲ್ ಒಂದು ವಾರ ಮುಂದಕ್ಕೆ ಹೋಗಿ ಮಾರ್ಚ್ 12 ಆದರೆ ಅಲ್ಲಿ 09:30, ಯಾಕೆಂದರೆ ನಡುವೆ ಮಾರ್ಚ್ 8ರ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ. ಹಾಗಾಗಿ ಕಾಲ್ ಮುಂದೂಡಿದಾಗ ಹಳೇ ಸಾಲನ್ನು ಕಾಪಿ ಮಾಡಬೇಡಿ, ಮತ್ತೆ ಲೆಕ್ಕ ಹಾಕಿ.

ಜಾಸ್ತಿ ದುಡ್ಡು ಸಿಕ್ಕಿಹಾಕಿಕೊಳ್ಳುವುದು ತೂಕದಲ್ಲಿ. ನಮ್ಮಲ್ಲಿ ಚೀಲ ಅಂದರೆ 50 ಕೆಜಿ, ರೇಟ್ ಹೇಳುವುದೂ ಅದೇ ಲೆಕ್ಕದಲ್ಲಿ. ಅಂತರರಾಷ್ಟ್ರೀಯ ಕಾಫಿ ವ್ಯವಹಾರದಲ್ಲಿ ಬ್ಯಾಗ್ ಅಂದರೆ ಸಾಮಾನ್ಯವಾಗಿ 60 ಕೆಜಿ. ನಿಮ್ಮ 30 ಬ್ಯಾಗ್ 1500 ಕೆಜಿ, ಅವರ ತಲೆಯಲ್ಲಿ 1800 ಕೆಜಿ. 300 ಕೆಜಿ ಎಲ್ಲಿಂದ ತರುತ್ತೀರಿ? ಇನ್ನೊಂದು, ಅದು ಪಾರ್ಚ್‌ಮೆಂಟೋ, ಸಿಪ್ಪೆ ತೆಗೆದ ಹಸಿರು ಬೀಜವೋ ಅನ್ನುವುದನ್ನೂ ಬರೆಯಲೇಬೇಕು. 50 ಕೆಜಿ ಪಾರ್ಚ್‌ಮೆಂಟ್ ಹಲ್ಲಿಂಗ್ ಆದಮೇಲೆ ಸುಮಾರು 40 ಕೆಜಿ ಉಳಿಯುತ್ತದೆ ಅಲ್ವಾ? ಚೀಲ ಎಣಿಸುವುದು ಗೋಡೌನ್‌ಗೆ ಇರಲಿ, ಬಯರ್‌ಗೆ ಕೆಜಿಯಲ್ಲೇ ಹೇಳಿ.

ತೋಟದ ವಿವರ ಕೇಳಿದಾಗಲೂ ಇದೇ ಎಚ್ಚರ ಬೇಕು. ನಾವು ಜಾಗ 5 ಎಕರೆ 40 ಸೆಂಟ್ ಅನ್ನುತ್ತೇವೆ, ಹೂಮಳೆ 1 ಇಂಚು 20 ಸೆಂಟ್ ಬಿತ್ತು ಅನ್ನುತ್ತೇವೆ. ಹೊರಗಿನವರಿಗೆ ಸೆಂಟ್ ಅಂದರೆ ಡಾಲರ್‌ನ ಚಿಲ್ಲರೆ, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ರೇಟ್ ಓಡುವುದೇ ಪೌಂಡ್‌ಗೆ ಇಷ್ಟು ಸೆಂಟ್ ಅಂತ. ಜಾಗಕ್ಕೆ 2.19 ಹೆಕ್ಟೇರ್, ಮಳೆಗೆ 30 ಮಿಲಿಮೀಟರ್ ಅಂತ ಬದಲಿಸಿ ಬರೆಯಿರಿ.

ಇನ್ನು ಹಣ. ರೂಪಾಯಿ ನೇಪಾಳ, ಶ್ರೀಲಂಕಾ, ಪಾಕಿಸ್ತಾನದಲ್ಲೂ ಇದೆ. ಡಾಲರ್ ಆಸ್ಟ್ರೇಲಿಯಾ, ಸಿಂಗಾಪುರದಲ್ಲೂ ಇದೆ. `INR`, `USD`, `AUD` ಅಂತ ಮೂರಕ್ಷರ ಹಾಕಿದರೆ ತಕರಾರಿಲ್ಲ. ನಮ್ಮ ಲಕ್ಷದ ಕಾಮಾ ನೋಡಿ, 9,00,000ದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದೆಯೋ ಏನೋ ಅಂತ ಅವರಿಗೆ ಅನುಮಾನ ಬರುತ್ತದೆ. ಜರ್ಮನಿಯಲ್ಲಂತೂ 1.500 ಅಂದರೆ ಒಂದೂವರೆ ಸಾವಿರ. ಕಾಮಾ, ಚುಕ್ಕಿ ಎರಡೂ ಬೇಡ. ಕೆಜಿಗೆ ಎಷ್ಟು, ಒಟ್ಟು ಎಷ್ಟು ಎರಡನ್ನೂ ಕೊಡಿ, ಗುಣಿಸಿ ನೋಡಿದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಕೆಜಿಗೆ 600 ಇಟ್ಟುಕೊಂಡರೆ ಮೆಸೇಜ್ ಹೀಗಾಗುತ್ತದೆ:

```
Call: Thu 5 Mar 2026, 19:00 UTC+05:30
      (08:30 New York)
Green coffee: 1500 kg net (30 x 50 kg)
Price: INR 600 per kg
Total: INR 900000
```

ಲಾಟ್‌ಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಡುವವರು ಇನ್ನೊಂದು ನೋಡಿಕೊಳ್ಳಿ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ನೀವು ಟೈಪ್ ಮಾಡಿದ 05/03/2026 ಮೇ 3 ಆಗಿ ಕೂರುತ್ತದೆ, 13/03/2026 ಮಾತ್ರ ತಾರೀಖೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಒಂದೇ ಕಾಲಮ್‌ನಲ್ಲಿ ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಇದೇ ಆಗಿರುವ ಸಾಧ್ಯತೆ ಜಾಸ್ತಿ. ಬಲಕ್ಕಿರುವವು ಸರಿ ಇದ್ದಂತೆ ಕಾಣುತ್ತವೆ, ಆದರೆ ತಿಂಗಳು ಅದಲುಬದಲಾಗಿರುವುದು ಅವುಗಳಲ್ಲೇ. ಅವನ್ನು ಒಣಗಿಸಿದ ದಿನದ ಪುಸ್ತಕದ ಜೊತೆ ತಾಳೆ ನೋಡಿ ತಿದ್ದಿ, ಮುಂದೆ `2026-03-05` ಅಂತ ಇಸವಿ ಮೊದಲು ಇಟ್ಟು ಟೈಪ್ ಮಾಡಿ.